‘ಎಲ್ಲ ನೀರಿನಿಂದ ಆಯ್ತು ಅನ್ನೋದೂ ಕಥೆನೇ ಅಲ್ವಾ ಮಿಸ್?’

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಗ್ರೀಕರು ಕ್ರಿ.ಪೂ. 6ನೇ ಶತಮಾನದಲ್ಲಿ ಪುರಾಣ ಬಿಟ್ಟು ವಿಚಾರಕ್ಕೆ ಬಂದರು, ಥೇಲೀಸ್ ಅವರಲ್ಲಿ ಮೊದಲಿಗ, ಗ್ರಹಣವನ್ನೂ ಮುಂಚೆಯೇ ಹೇಳಿದ್ದ ಎಂದು ಹೇಳಿಕೊಟ್ಟೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, ‘ಎಲ್ಲ ನೀರಿನಿಂದ ಆಯ್ತು ಅನ್ನೋದೂ ಕಥೆನೇ ಅಲ್ವಾ ಮಿಸ್? ದೇವರ ಹೆಸರು ತೆಗೆದು ನೀರು ಅಂತ ಹಾಕಿದಾರೆ ಅಷ್ಟೆ’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಓದಿದರೆ, ಅದೇ ಥೇಲೀಸ್ ‘ಎಲ್ಲವೂ ದೇವರುಗಳಿಂದ ತುಂಬಿದೆ’ ಎಂದಿದ್ದನಂತೆ! ಹಾಗಾದರೆ ಬದಲಾದದ್ದಾದರೂ ಏನು? ಮುಂದಿನ ವಾರ ಮತ್ತೆ ಅದೇ ತರಗತಿ ಇದೆ.
— ಒಬ್ಬ ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಆ ಹುಡುಗಿಗೆ ಮೊದಲು ‘ಸರಿಯಾಗಿ ಹಿಡಿದೆ’ ಅನ್ನಿ. ಅವಳು ಹಿಡಿದದ್ದನ್ನು ಅರಿಸ್ಟಾಟಲನೂ ಗಮನಿಸಿದ್ದ. ಹೋಮರನ ಕಾವ್ಯದಲ್ಲಿ ಭೂಮಿಯನ್ನು ಸುತ್ತುವರಿದ ಓಕಿಯಾನಸ್ ಎಂಬ ಜಲದೇವತೆಯೇ ದೇವತೆಗಳೆಲ್ಲರ ಮೂಲ. ಥೇಲೀಸನ ‘ನೀರೇ ಮೂಲ’ ಎಂಬ ಮಾತಿಗೂ ಇದಕ್ಕೂ ನಂಟಿದೆ ಎಂದು ಕೆಲವರು ಭಾವಿಸುತ್ತಾರೆಂದು ಅವನು ಬರೆಯುತ್ತಾನೆ. ಬರೀ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ಜಾತಿಯವು. ವ್ಯತ್ಯಾಸ ಕಾಣುವುದು ಉತ್ತರದಲ್ಲಲ್ಲ, ಆ ಉತ್ತರ ಹೊರಬಿದ್ದ ಮೇಲೆ ಅದಕ್ಕೆ ಏನಾಯಿತು ಎಂಬುದರಲ್ಲಿ. ಮೂವತ್ತು ವರ್ಷ ಕಾಲೇಜಿನಲ್ಲಿ ಗ್ರೀಕ್ ತತ್ತ್ವಶಾಸ್ತ್ರ ಪಾಠ ಮಾಡಿದ ನನಗೂ ಇದು ಗೊತ್ತಾಗಲು ಹತ್ತು ವರ್ಷವಾದರೂ ಹಿಡಿದಿರಬೇಕು.

‘ಎಲ್ಲ ಯಾವುದರಿಂದ ಆಯಿತು’ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಇನ್ನೂ ಸರಳವಾದದ್ದೊಂದನ್ನು ತೆಗೆದುಕೊಳ್ಳಿ. ಕೈಬಿಟ್ಟರೆ ಕಲ್ಲು ಕೆಳಗೆ ಬೀಳುತ್ತದೆ. ಹಾಗಾದರೆ ಇಷ್ಟು ದೊಡ್ಡ ಭೂಮಿ ಯಾಕೆ ಬೀಳುವುದಿಲ್ಲ?

ಇದನ್ನು ಕೇಳಿದವರು ಮಿಲೇಟಸ್ ಎಂಬ ಊರಿನವರು. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ, ಮಿಯಾಂಡರ್ ನದಿ ಸಮುದ್ರ ಸೇರುವ ಕಡೆ ಇದ್ದ ಗ್ರೀಕ್ ಬಂದರು ಅದು. ಆ ನದಿ ಹೊತ್ತು ತಂದ ಹೂಳು ತುಂಬಿ ತುಂಬಿ, ಇವತ್ತು ಆ ಊರಿನ ಅವಶೇಷದಿಂದ ಸಮುದ್ರಕ್ಕೆ ಹಲವು ಕಿಲೋಮೀಟರ್ ನಡೆಯಬೇಕು. ನೀರಿದ್ದ ಜಾಗ ನೆಲವಾಗುವುದು ಆ ಊರಿನವರ ಕಣ್ಣೆದುರಿನ ಸಂಗತಿ. ಥೇಲೀಸನ ತಲೆಗೆ ನೀರು ಹೊಕ್ಕಿದ್ದು ಹೀಗೆಯೇ ಎಂದು ನಾನು ಆಣೆ ಮಾಡಲಾರೆ, ಆದರೆ ಪಾಠ ಮಾಡುವಾಗ ಆ ಹೂಳು ನನ್ನ ಮನಸ್ಸಿಗೆ ಬರದೆ ಇರುವುದಿಲ್ಲ.

ಥೇಲೀಸ್ ಕೊಟ್ಟ ಉತ್ತರ: ಭೂಮಿ ನೀರಿನ ಮೇಲೆ ತೇಲುತ್ತಿದೆ, ಮರದ ದಿಮ್ಮಿ ತೇಲುವ ಹಾಗೆ. ಭೂಕಂಪ ಆಗುವುದೂ ಅದರಿಂದಲೇ, ಕೆಳಗಿನ ನೀರು ತುಯ್ದಾಡಿದಾಗ ಮೇಲಿನದು ದೋಣಿಯಂತೆ ಅಲುಗುತ್ತದೆ. ಹೋಮರನ ಕೇಳುಗರಿಗೆ ಭೂಕಂಪ ಎಂದರೆ ಸಮುದ್ರದೇವತೆ ಪೊಸೈಡನ್ ಸಿಟ್ಟಾದದ್ದು. ‘ನೆಲ ನಡುಗಿಸುವವ’ ಎನ್ನುವುದು ಅವನ ಬಿರುದು. ಇಲ್ಲಿ ಪೊಸೈಡನ್ ಹೋಗಿ ನೀರು ಉಳಿದಿದೆ. ನಿಮ್ಮ ಹುಡುಗಿ ಹೇಳಿದ್ದೂ ಇಷ್ಟನ್ನೇ.

ಈಗ ಮುಂದಿನದನ್ನು ನೋಡಿ. ಪೊಸೈಡನ್ ಸಿಟ್ಟಾದ ಎಂದರೆ ಅದಕ್ಕೆ ಎದುರು ಮಾತಿಲ್ಲ, ಹೆಚ್ಚೆಂದರೆ ಯಾಕೆ ಸಿಟ್ಟಾದ ಎಂದು ಕೇಳಬಹುದು. ‘ದಿಮ್ಮಿಯ ಹಾಗೆ ತೇಲುತ್ತಿದೆ’ ಎಂದರೆ ಮಾತ್ರ ದಿಮ್ಮಿ ಗೊತ್ತಿರುವವರೆಲ್ಲ ಬಾಯಿ ಹಾಕಬಹುದು. ದಿಮ್ಮಿಯನ್ನು ನೀರು ಹೊರುತ್ತದೆ ಸರಿ, ಆ ನೀರನ್ನು ಹೊರುವುದು ಯಾವುದು? ಮಣ್ಣುಹೆಂಟೆ ನೀರಿಗೆ ಹಾಕಿದರೆ ಮುಳುಗುತ್ತದಲ್ಲ, ಭೂಮಿ ಹೇಗೆ ತೇಲಿತು? ಈ ಎರಡು ಆಕ್ಷೇಪಗಳು ನಮಗೆ ಬರಹದಲ್ಲಿ ಸಿಗುವುದು ಅರಿಸ್ಟಾಟಲನಲ್ಲಿ, ಸುಮಾರು ಇನ್ನೂರು ವರ್ಷ ತಡವಾಗಿ. ಆದರೆ ಥೇಲೀಸನ ಊರಿನವನೇ ಆದ, ಅವನ ಶಿಷ್ಯನೆಂದು ಪರಂಪರೆ ಹೇಳುವ ಅನಾಕ್ಸಿಮಾಂಡರ್ ಕೊಟ್ಟ ಉತ್ತರವನ್ನು ನೋಡಿದರೆ, ಮೊದಲನೆಯ ಆಕ್ಷೇಪ ಅವನಿಗೂ ಹೊಳೆದಿರಬೇಕು ಅನ್ನಿಸುತ್ತದೆ.

ಅವನು ಭೂಮಿಗೆ ಆಧಾರವನ್ನೇ ತೆಗೆದುಬಿಟ್ಟ. ಭೂಮಿ ಯಾವುದರ ಮೇಲೂ ಕೂತಿಲ್ಲ, ಎಲ್ಲದರ ನಡುವೆ ಇದೆ. ಎಲ್ಲ ಕಡೆಗೂ ಸಮ ದೂರದಲ್ಲಿರುವ ವಸ್ತುವಿಗೆ ಈ ಕಡೆಗೇ ಹೋಗಬೇಕು ಎನ್ನಲು ಕಾರಣವಿಲ್ಲ. ಏಕಕಾಲಕ್ಕೆ ಎಲ್ಲ ಕಡೆಗೂ ಹೋಗಲಾಗುವುದಿಲ್ಲ. ಆದ್ದರಿಂದ ಇದ್ದಲ್ಲೇ ಇದೆ. ಆಕಾರ ಮಾತ್ರ ಅವನಿಗೆ ತಪ್ಪಿತು: ಭೂಮಿ ಕಂಬದ ಒಂದು ತುಂಡಿನ ಹಾಗೆ, ಎತ್ತರ ಅಗಲದ ಮೂರನೇ ಒಂದು ಪಾಲು, ಮೇಲಿನ ಚಪ್ಪಟೆ ಮುಖದಲ್ಲಿ ನಾವು. ಆದರೂ ‘ನೀರನ್ನು ಹೊರುವುದು ಯಾವುದು, ಅದನ್ನು ಹೊರುವುದು ಯಾವುದು’ ಎಂಬ ಮುಗಿಯದ ಸಾಲನ್ನು ಅವನು ಒಂದೇ ಏಟಿಗೆ ಕತ್ತರಿಸಿದ. ಅದೂ ಕಣ್ಣಿಗೆ ಕಂಡದ್ದರಿಂದಲ್ಲ, ‘ಕಾರಣವಿಲ್ಲದೆ ಏನೂ ಒಂದು ಕಡೆಗೆ ವಾಲುವುದಿಲ್ಲ’ ಎಂಬ ತರ್ಕದಿಂದ.

ಅದಕ್ಕೂ ಆಕ್ಷೇಪ ತಪ್ಪಲಿಲ್ಲ. ಅರಿಸ್ಟಾಟಲ್ ಗೇಲಿ ಮಾಡುತ್ತಾನೆ: ಹಾಗಿದ್ದರೆ ಒಂದೇ ಸಮನೆ ಹಸಿವೂ ಬಾಯಾರಿಕೆಯೂ ಆದವನನ್ನು ಅನ್ನಕ್ಕೂ ನೀರಿಗೂ ಸಮ ದೂರದಲ್ಲಿ ಕೂರಿಸಿದರೆ ಅವನು ಕೂತಲ್ಲೇ ಇರಬೇಕಾಗುತ್ತದೆ! ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ನಡುವೆ ಇರುವುದೇ ನಿಲ್ಲಲು ಕಾರಣವಾದರೆ, ಬೆಂಕಿಯನ್ನು ನಡುವೆ ಇಟ್ಟರೂ ಅದು ಅಲ್ಲೇ ನಿಲ್ಲಬೇಕು. ಬೆಂಕಿ ಮೇಲಕ್ಕೇ ಏಳುತ್ತದಲ್ಲ?

ಅರಿಸ್ಟಾಟಲನಿಗಿಂತ ಬಹಳ ಮೊದಲೇ ಮಿಲೇಟಸಿನ ಮೂರನೆಯವನು, ಅನಾಕ್ಸಿಮೆನೀಸ್, ಬಂದಿದ್ದ. ಅವನು ಅನಾಕ್ಸಿಮಾಂಡರನ ಚಂದದ ವಾದವನ್ನು ಒಪ್ಪದೆ ಹಿಂದಕ್ಕೆ ಹೋದ: ಭೂಮಿ ತೆಳ್ಳಗೆ ಚಪ್ಪಟೆಯಾಗಿದೆ, ಅದಕ್ಕೇ ಗಾಳಿಯ ಮೇಲೆ ನಿಂತಿದೆ, ಕೆಳಗಿನ ಗಾಳಿಯನ್ನು ಸೀಳದೆ ಮುಚ್ಚಳದ ಹಾಗೆ ಮುಚ್ಚಿಕೊಂಡಿದೆ. ಒಣಗಿದ ಎಲೆ ಬೀಳುವುದನ್ನು ನೋಡಿದವರಿಗೆ ಇದು ನಂಬುವಂಥ ಮಾತೇ. ಇವತ್ತಿನ ನಮ್ಮ ಲೆಕ್ಕದಲ್ಲಿ ಮಾತ್ರ ಇದು ಹಿನ್ನಡೆ. ಮಕ್ಕಳಿಗೆ ಇದನ್ನು ಬಿಡದೆ ಹೇಳಿ. ಇಲ್ಲದಿದ್ದರೆ ಪ್ರತಿಯೊಬ್ಬನೂ ಹಿಂದಿನವನಿಗಿಂತ ಒಂದು ಮೆಟ್ಟಿಲು ಮೇಲೆ ಎಂಬ ಇನ್ನೊಂದು ಪುರಾಣವನ್ನು ನಾವೇ ಕಟ್ಟಿದಂತಾಗುತ್ತದೆ.

ಹೀಗೆ ಸುಮಾರು ಎರಡು ತಲೆಮಾರಿನಲ್ಲಿ ಒಂದೇ ಊರಿನ ಮೂವರು ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಟ್ಟರು. ಮೊದಲನೆಯವನದು ಎಂಬ ಒಂದೇ ಕಾರಣಕ್ಕೆ ಅವನ ಮಾತನ್ನು ಯಾರೂ ಉಳಿಸಿಕೊಳ್ಳಲಿಲ್ಲ. ಹುಡುಗಿಗೆ ನನ್ನ ಉತ್ತರ ಇದು. ಇದಕ್ಕೆ ಹೋಲಿಸಲು ಹೆಸಿಯಡ್ ಕವಿಯನ್ನು ಪಕ್ಕದಲ್ಲಿಡಿ. ಕ್ರಿ.ಪೂ. 700ರ ಆಸುಪಾಸಿನಲ್ಲಿ ದೇವತೆಗಳ ವಂಶಾವಳಿ ಹಾಡಿದವನು ಅವನು. ಹೆಲಿಕಾನ್ ಬೆಟ್ಟದ ಬುಡದಲ್ಲಿ ಕುರಿ ಮೇಯಿಸುತ್ತಿದ್ದಾಗ ಕಾವ್ಯದೇವತೆಗಳೇ ಬಂದು ತನಗೆ ಹಾಡು ಕಲಿಸಿದರು ಎಂದೇ ಅವನು ಶುರು ಮಾಡುತ್ತಾನೆ. ಆ ದೇವತೆಗಳು ಅವನಿಗೆ ಹೇಳುವ ಮಾತೂ ಮಜವಾಗಿದೆ: ನಿಜದ ಹಾಗೆ ಕಾಣುವ ಸುಳ್ಳು ಹೇಳಲೂ ನಮಗೆ ಬರುತ್ತದೆ, ಮನಸ್ಸು ಬಂದಾಗ ನಿಜ ಹೇಳಲೂ ಬರುತ್ತದೆ. ಕೇಳುವವರು ಎರಡನ್ನೂ ಬೇರ್ಪಡಿಸುವುದು ಹೇಗೆ? ಹೆಸಿಯಡ್ ಅದಕ್ಕೆ ದಾರಿ ಕೊಡುವುದಿಲ್ಲ. ಇನ್ನೊಬ್ಬ ಕವಿ ಬೇರೆ ವಂಶಾವಳಿ ಹಾಡಬಹುದು, ಹಾಡಿದವರೂ ಇದ್ದರು, ಆದರೆ ‘ನಿನ್ನದು ಇಂಥ ಕಾರಣಕ್ಕೆ ನಿಲ್ಲುವುದಿಲ್ಲ’ ಎಂದು ಹೇಳುವ ದಾರಿ ಆ ಹಾಡುಗಳ ಲೋಕದಲ್ಲಿ ಇರಲಿಲ್ಲ.

ಇನ್ನು ಅನಾಕ್ಸಿಮೆನೀಸನ ಒಂದು ಸಂಗತಿಯನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು. ಎಲ್ಲದರ ಮೂಲ ಗಾಳಿ, ಅದು ಒತ್ತಾದರೆ ತಣ್ಣಗಾಗಿ ಮೋಡ, ನೀರು, ಮಣ್ಣು, ಕಲ್ಲು ಆಗುತ್ತದೆ, ಸಡಿಲವಾದರೆ ಬಿಸಿಯಾಗಿ ಬೆಂಕಿಯಾಗುತ್ತದೆ ಎಂದು ಅವನ ವಾದ. ಅದಕ್ಕೆ ಅವನು ಕೊಟ್ಟ ಸಾಕ್ಷಿ ನಮ್ಮ ಉಸಿರು. ಅಂಗೈಯನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ಬಾಯಿ ಅಗಲಿಸಿ ‘ಹಾ’ ಎಂದು ಉಸಿರು ಬಿಡಿ, ಬೆಚ್ಚಗಿರುತ್ತದೆ. ತುಟಿ ಒತ್ತಿ ಊದಿ, ತಣ್ಣಗಿರುತ್ತದೆ. ಒತ್ತಿದ್ದು ತಂಪು, ಸಡಿಲಿಸಿದ್ದು ಬಿಸಿ, ನೋಡಿ! ಮಕ್ಕಳು ಕೂಡಲೇ ಒಪ್ಪಿಬಿಡುತ್ತಾರೆ.

ಅವರು ಒಪ್ಪಿದ ಮೇಲೆ ಅಂಗೈಯನ್ನು ತುಟಿಗೆ ತಾಗುವಷ್ಟು ಹತ್ತಿರ ತರಲು ಹೇಳಿ, ಅದೇ ರೀತಿ ತುಟಿ ಒತ್ತಿ ಊದಲಿ. ಈಗ ಬೆಚ್ಚಗಿರುತ್ತದೆ. ಒತ್ತಿದ್ದೇ ತಂಪಿಗೆ ಕಾರಣವಾಗಿದ್ದರೆ ಹತ್ತಿರದಲ್ಲೂ ತಂಪಾಗಬೇಕಿತ್ತಲ್ಲ? ತುಟಿ ಒತ್ತಿ ಊದಿದಾಗ ವೇಗವಾಗಿ ಹೋಗುವ ಉಸಿರು ಹಾದಿಯಲ್ಲಿರುವ ಹೊರಗಿನ ತಂಪು ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಕೈಗೆ ತಾಗುವುದರಲ್ಲಿ ಹೆಚ್ಚಿನ ಪಾಲು ಅದೇ. ಅರಿಸ್ಟಾಟಲನ ಆಕ್ಷೇಪವೂ ಹೆಚ್ಚುಕಡಿಮೆ ಇದೇ ಆಗಿತ್ತೆಂದು ಮುಂದಿನ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟಿದ್ದಾನೆ: ಊದುವಾಗ ನಾವು ನೂಕುವುದು ಬಾಯಿಯ ಮುಂದಿರುವ ತಣ್ಣನೆ ಗಾಳಿಯನ್ನು. ಸೈಕಲ್ ಪಂಪು ಹೊಡೆದ ಹುಡುಗನೊಬ್ಬ ತರಗತಿಯಲ್ಲಿದ್ದರೆ, ಒತ್ತಿದ ಗಾಳಿ ಬಿಸಿಯಾಗುತ್ತದೆ ಎಂದು ಅವನೇ ಹೇಳಿಯಾನು. ಒಂದು ವಿವರಣೆ ತಪ್ಪೆಂದು ತೋರಿಸಲು ಬರೀ ಅಂಗೈ ಸಾಕಾಯಿತು. ಪೊಸೈಡನನ ಸಿಟ್ಟನ್ನು ಈ ಥರ ಪರೀಕ್ಷಿಸಲು ಆಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಮೂವರ ಒಂದು ಪುಸ್ತಕವೂ ಉಳಿದಿಲ್ಲ. ಅನಾಕ್ಸಿಮಾಂಡರನ ಸ್ವಂತ ಮಾತೆಂದು ಉಳಿದಿರುವುದು ಹೆಚ್ಚುಕಡಿಮೆ ಒಂದೇ ವಾಕ್ಯ, ಅದೂ ಅವನು ಸತ್ತು ಸಾವಿರ ವರ್ಷ ಕಳೆದ ಮೇಲೆ, ಕ್ರಿ.ಶ. 6ನೇ ಶತಮಾನದ ಸಿಂಪ್ಲಿಸಿಯಸ್ ಎಂಬ ವ್ಯಾಖ್ಯಾನಕಾರ ಉದ್ಧರಿಸಿದ್ದರಿಂದ. ಉಳಿದದ್ದಕ್ಕೆಲ್ಲ ನಾವು ಮುಖ್ಯವಾಗಿ ಅರಿಸ್ಟಾಟಲನನ್ನು, ಅವನ ಶಿಷ್ಯ ಥಿಯೊಫ್ರಾಸ್ಟಸನನ್ನು ನೆಚ್ಚಿಕೊಂಡಿದ್ದೇವೆ. ಅರಿಸ್ಟಾಟಲ್ ಹಳಬರನ್ನು ಕರೆತರುವುದು ತನ್ನ ಸಿದ್ಧಾಂತಕ್ಕೆ ಅವರು ಎಷ್ಟು ಹತ್ತಿರ ಬಂದಿದ್ದರು ಎಂದು ತೋರಿಸಲಿಕ್ಕೆ. ಅವನ ಸಾಕ್ಷಿಯನ್ನು ನಂಬಬೇಕು, ಆದರೆ ಅವನೂ ವ್ಯಾಜ್ಯದಲ್ಲಿ ಕಕ್ಷಿದಾರನೇ ಎಂಬುದನ್ನು ಮರೆಯಬಾರದು.

ವ್ಯಾಜ್ಯ, ಕಕ್ಷಿದಾರ ಎಂದದ್ದು ಸುಮ್ಮನೆ ಅಲ್ಲ. ಉಳಿದ ಆ ಒಂದು ವಾಕ್ಯದಲ್ಲಿ ಅನಾಕ್ಸಿಮಾಂಡರ್ ಹೇಳುವುದೇನೆಂದರೆ, ಜಗತ್ತಿನ ವಸ್ತುಗಳು ಒಂದಕ್ಕೊಂದು ಮಾಡಿದ ಅನ್ಯಾಯಕ್ಕೆ, ಕಾಲವು ಗೊತ್ತುಮಾಡಿದಂತೆ, ಒಂದಕ್ಕೊಂದು ದಂಡ ತೆರುತ್ತವೆ. ಬೇಸಿಗೆ ಅತಿಯಾದರೆ ಮಳೆಗಾಲ ಬಂದು ವಸೂಲು ಮಾಡುತ್ತದೆ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಅವನ ಮಾತೆಲ್ಲ ನ್ಯಾಯಾಲಯದ್ದು. ಯಾಕೆ ಅಲ್ಲೇ, ಯಾಕೆ ಆಗಲೇ ಈ ಬಗೆಯ ವಾದ ಹುಟ್ಟಿತು ಎಂದು ಕೇಳುವವರಿಗೆ ಅನೇಕ ವಿದ್ವಾಂಸರು ಕೈತೋರಿಸುವುದು ಈ ಕಡೆಗೇ. ಗ್ರೀಕ್ ಊರುಗಳಲ್ಲಿ ಕಾನೂನನ್ನು ಕಲ್ಲಿನಲ್ಲಿ ಕೆತ್ತಿ ಎಲ್ಲರಿಗೂ ಕಾಣುವಂತೆ ಹಾಕುವ ರೂಢಿ ಆಗಷ್ಟೇ ಶುರುವಾಗಿತ್ತು. ಕ್ರೀಟ್ ದ್ವೀಪದ ಡ್ರೀರಸ್ ಎಂಬ ಊರಿನ ದೇವಸ್ಥಾನದ ಗೋಡೆಯಲ್ಲಿ ಕ್ರಿ.ಪೂ. 650ರ ಸುಮಾರಿನ ಒಂದು ಕಾನೂನು ಸಿಕ್ಕಿದೆ: ಊರಿನ ಮುಖ್ಯಾಧಿಕಾರಿಯಾಗಿದ್ದವನು ಮುಂದಿನ ಹತ್ತು ವರ್ಷ ಮತ್ತೆ ಆ ಹುದ್ದೆಗೆ ಬರಕೂಡದು. ಆ ಅಧಿಕಾರಿಯ ಹುದ್ದೆಯ ಹೆಸರು ‘ಕಾಸ್ಮಾಸ್’, ಅಂದರೆ ವ್ಯವಸ್ಥೆ. ಮುಂದೆ ಇಡೀ ವಿಶ್ವಕ್ಕೆ ತತ್ತ್ವಜ್ಞಾನಿಗಳು ಬಳಸಿದ್ದೂ ಅದೇ ಪದವನ್ನು!

ಅಧಿಕಾರಕ್ಕೆ ಲೆಕ್ಕ ಕೇಳುವ, ಸಭೆಯಲ್ಲಿ ಎದುರಾಳಿಯ ಮಾತನ್ನು ಎಲ್ಲರೆದುರು ಕೆಡವುವ ಅಭ್ಯಾಸ ಇದ್ದ ಕಡೆ, ಭೂಮಿಯ ಬಗ್ಗೆ ಆಡಿದ ಮಾತಿಗೂ ಲೆಕ್ಕ ಕೇಳುವುದು ದೂರದ ದಾರಿಯಲ್ಲ. ಇದರ ಜೊತೆಗೆ ಇನ್ನೊಂದು ಅನುಕೂಲವೂ ಇತ್ತು. ಪೂಜಾರಿಗಳಿದ್ದರು, ಆದರೆ ಇದೇ ಶಾಸ್ತ್ರ, ಇದರಾಚೆ ಮಾತಿಲ್ಲ ಎಂದು ಹೇಳುವ ಒಂದು ಗ್ರಂಥವಾಗಲಿ, ಅದನ್ನು ಕಾಯುವ ಒಂದು ವರ್ಗವಾಗಲಿ ಗ್ರೀಕರಲ್ಲಿ ಇರಲಿಲ್ಲ. ಸಭೆ ಎಂದಾಗ ಗುಲಾಮರೂ ಹೆಂಗಸರೂ ಅದರ ಹೊರಗಿದ್ದರು ಎಂಬುದನ್ನು ಮಕ್ಕಳಿಗೆ ಹೇಳದೆ ಬಿಡಬೇಡಿ.

ಈಗ ದೇವರ ವಿಷಯ. ‘ಎಲ್ಲವೂ ದೇವರುಗಳಿಂದ ತುಂಬಿದೆ’ ಎಂಬ ಮಾತು ನಿಮ್ಮನ್ನು ಕಾಡಿದೆ. ಅಯಸ್ಕಾಂತ ಕಬ್ಬಿಣವನ್ನು ಕದಲಿಸುತ್ತದಾದ್ದರಿಂದ ಅದಕ್ಕೂ ಜೀವವಿದೆ ಎಂದೂ ಥೇಲೀಸ್ ಹೇಳಿದ್ದನಂತೆ. ಅವನಿಗೆ ದೈವವೂ ಪ್ರಕೃತಿಯೂ ಎರಡು ಬೇರೆ ಖಾತೆಗಳಾಗಿರಲಿಲ್ಲ. ಇವರು ಬಿಟ್ಟದ್ದು ದೇವರನ್ನಲ್ಲ. ಮನಸ್ಸು ಬಂದಾಗ ಸಿಡಿಲು ಎಸೆಯುವ, ಲಂಚ ಕೊಟ್ಟರೆ ಸುಮ್ಮನಾಗುವ ದೇವರನ್ನು.

ಇದನ್ನು ಬಾಯಿಬಿಟ್ಟು ಹೇಳಿದವನು ಕಾಲೊಫಾನ್ ಊರಿನ ಕ್ಸೆನೊಫನೀಸ್. ಇಪ್ಪತ್ತೈದನೇ ವಯಸ್ಸಿಗೆ ಊರು ಬಿಟ್ಟು ಅರವತ್ತೇಳು ವರ್ಷ ಅಲೆದೆ ಎಂದು ತನ್ನ ಪದ್ಯದಲ್ಲಿ ತಾನೇ ಲೆಕ್ಕ ಕೊಡುತ್ತಾನೆ. ಹೋಮರ್, ಹೆಸಿಯಡ್ ಇಬ್ಬರೂ ಮನುಷ್ಯರಲ್ಲಿ ನಾಚಿಕೆಗೇಡೆನಿಸುವ ಕಳ್ಳತನ, ಹಾದರ, ಮೋಸ ಎಲ್ಲವನ್ನೂ ದೇವರ ತಲೆಗೆ ಕಟ್ಟಿದರು ಎಂದು ಅವನ ದೂರು. ಇಥಿಯೋಪಿಯದವರ ದೇವರಿಗೆ ಚಪ್ಪಟೆ ಮೂಗು, ಕಪ್ಪು ಬಣ್ಣ; ಥ್ರೇಸಿನವರ ದೇವರಿಗೆ ನೀಲಿ ಕಣ್ಣು, ಕೆಂಗೂದಲು. ದನಕ್ಕೂ ಕುದುರೆಗೂ ಕೈಯಿದ್ದು ಚಿತ್ರ ಬರೆಯುವಂತಿದ್ದರೆ, ಕುದುರೆ ಕುದುರೆಯಂಥ ದೇವರನ್ನು, ದನ ದನದಂಥ ದೇವರನ್ನು ಬರೆಯುತ್ತಿದ್ದವು! ಇಷ್ಟು ಹೇಳಿದವನು ನಾಸ್ತಿಕನಲ್ಲ. ರೂಪದಲ್ಲಾಗಲಿ ಬುದ್ಧಿಯಲ್ಲಾಗಲಿ ಮನುಷ್ಯರನ್ನು ಹೋಲದ ಒಂದು ಮಹಾದೈವ ಇದೆ ಎಂದೂ ಅವನೇ ಹೇಳಿದ.

ಅವನ ಕಣ್ಣೂ ಚುರುಕು. ಸಮುದ್ರದಿಂದ ದೂರದ ಬೆಟ್ಟಗಳಲ್ಲಿ ಚಿಪ್ಪು ಸಿಗುವುದನ್ನು, ಸಿಸಿಲಿಯ ಸಿರಾಕ್ಯೂಸಿನ ಕಲ್ಲುಗಣಿಯಲ್ಲಿ ಮೀನಿನ ಅಚ್ಚು ಕಂಡದ್ದನ್ನು ಕೂಡಿಸಿ, ಈ ನೆಲ ಒಂದು ಕಾಲಕ್ಕೆ ಸಮುದ್ರದ ಕೆಸರಾಗಿತ್ತು, ಕೆಸರು ಒಣಗಿ ಅಚ್ಚು ಉಳಿಯಿತು ಎಂದು ತೀರ್ಮಾನಿಸಿದ. ಹೀಗೆ ಕೂಡಿಸಿ ಕಳೆದು ತಿಳಿಯುವ ತನ್ನ ದಾರಿಗೂ ಅವನು ಗಡಿ ಹಾಕಿದ. ದೇವರುಗಳು ಎಲ್ಲವನ್ನೂ ಮೊದಲೇ ತೋರಿಸಿಕೊಟ್ಟಿಲ್ಲ, ಹುಡುಕುತ್ತ ಹೋದವರು ಕಾಲ ಕಳೆದಂತೆ ಇನ್ನೂ ಚೆನ್ನಾಗಿ ಕಂಡುಕೊಳ್ಳುತ್ತಾರೆ. ಆದರೆ ಒಬ್ಬನು ಅಕಸ್ಮಾತ್ ಪೂರ್ತಿ ನಿಜವನ್ನೇ ಆಡಿಬಿಟ್ಟರೂ ಅದು ನಿಜವೆಂದು ಅವನಿಗೇ ಗೊತ್ತಿರುವುದಿಲ್ಲ, ಎಲ್ಲರಿಗೂ ದಕ್ಕುವುದು ಅಭಿಪ್ರಾಯ ಮಾತ್ರ. ‘ನನಗೆ ಗೊತ್ತು’ ಎನ್ನುವುದಕ್ಕೂ ‘ನನಗೆ ಹೀಗೆ ತೋರುತ್ತದೆ’ ಎನ್ನುವುದಕ್ಕೂ ನಡುವೆ ಗೆರೆ ಎಳೆದ ಮೊದಲಿಗರಲ್ಲಿ ಇವನೂ ಒಬ್ಬ. ಜ್ಞಾನ ಎಂದರೇನು ಎಂಬ ಮುಂದಿನ ಚರ್ಚೆಗೆಲ್ಲ ಇದು ಬೀಜ.

ಹಾಗಂತ ಊರಿನ ಜನ ಹಳೆಯದನ್ನು ಬಿಟ್ಟರೇ? ಪ್ಲುಟಾರ್ಕ್ ಹೇಳುವ ಒಂದು ಪ್ರಸಂಗ ನನಗೆ ತುಂಬ ಇಷ್ಟ. ಅಥೆನ್ಸಿನ ನಾಯಕ ಪೆರಿಕ್ಲೀಸನಿಗೆ ಅವನ ಹೊಲದಿಂದ ಒಂದು ಟಗರಿನ ತಲೆ ತಂದು ಒಪ್ಪಿಸಿದರು. ಅದಕ್ಕೆ ಹಣೆಯ ನಡುವೆ ಒಂದೇ ಕೊಂಬು. ಶಕುನ ಹೇಳುವ ಲ್ಯಾಂಪಾನ್ ನೋಡಿ ಹೇಳಿದ: ಊರಿನಲ್ಲಿ ಈಗ ಎರಡು ಪಕ್ಷಗಳಿವೆ, ಒಂದು ಥೂಸಿಡಿಡೀಸನದು, ಇನ್ನೊಂದು ನಿನ್ನದು, ಈ ಟಗರು ಹುಟ್ಟಿದ್ದು ನಿನ್ನ ಹೊಲದಲ್ಲಿ, ಇನ್ನು ಅಧಿಕಾರ ಒಬ್ಬನ ಕೈಗೇ ಬರುತ್ತದೆ. ಅಲ್ಲೇ ಇದ್ದ ತತ್ತ್ವಜ್ಞಾನಿ ಅನಾಕ್ಸಾಗೊರಸ್ ಏನೂ ಹೇಳದೆ ತಲೆಬುರುಡೆಯನ್ನು ಸೀಳಿಸಿದ. ಮಿದುಳು ಬುರುಡೆಯನ್ನು ತುಂಬಿಕೊಂಡಿರಲಿಲ್ಲ. ಮೊಟ್ಟೆಯಂತೆ ಚೂಪಾಗಿ, ಕೊಂಬಿನ ಬುಡ ಇದ್ದ ಕಡೆಗೆ ಸರಿದುಕೊಂಡಿತ್ತು. ಸುತ್ತ ನಿಂತವರು ಅನಾಕ್ಸಾಗೊರಸನಿಗೆ ಭೇಷ್ ಎಂದರು. ಸ್ವಲ್ಪ ಕಾಲದ ಮೇಲೆ ಥೂಸಿಡಿಡೀಸನಿಗೆ ಗಡೀಪಾರಾಗಿ ಅಧಿಕಾರವೆಲ್ಲ ಪೆರಿಕ್ಲೀಸನ ಕೈಗೆ ಬಂದಾಗ, ಅದೇ ಜನ ಲ್ಯಾಂಪಾನನಿಗೆ ಭೇಷ್ ಎಂದರು. ಪ್ಲುಟಾರ್ಕನ ತೀರ್ಪೋ, ಇಬ್ಬರೂ ಸರಿ: ಒಬ್ಬ ಅದು ಹೇಗಾಯಿತು ಎಂದು ಹೇಳಿದ, ಇನ್ನೊಬ್ಬ ಯಾವುದಕ್ಕಾಗಿ ಆಯಿತು ಎಂದು ಹೇಳಿದ. (ಈ ಥೂಸಿಡಿಡೀಸ್ ರಾಜಕಾರಣಿ, ಅದೇ ಹೆಸರಿನ ಇತಿಹಾಸಕಾರನಲ್ಲ.)

ಈ ರಾಜಿ ಯಾವಾಗಲೂ ನಡೆಯಲಿಲ್ಲ. ಸೂರ್ಯ ದೇವರಲ್ಲ, ಪೆಲೊಪೊನೀಸ್ ಪ್ರಾಂತ್ಯಕ್ಕಿಂತ ದೊಡ್ಡದಾದ ಕಾದ ಕಲ್ಲು ಎಂದ ಅದೇ ಅನಾಕ್ಸಾಗೊರಸನ ಮೇಲೆ ದೈವದ್ರೋಹದ ಆರೋಪ ಬಂತು, ಅವನು ಅಥೆನ್ಸ್ ಬಿಟ್ಟು ಲ್ಯಾಂಪ್ಸಕಸ್‌ಗೆ ಹೋಗಿ ಅಲ್ಲೇ ಸತ್ತ. ಪೆರಿಕ್ಲೀಸನ ಗೆಳೆಯನೆಂಬ ರಾಜಕೀಯವೂ ಅದರ ಹಿಂದೆ ಇತ್ತು.

ಭೂಮಿ, ಸೂರ್ಯನ ಬಗ್ಗೆ ಕೇಳಿದ ಬಾಯಿ ‘ಸರಿ–ತಪ್ಪು’ಗಳ ಬಗ್ಗೆ ಸುಮ್ಮನಿರುತ್ತದೆಯೇ? ನೀತಿಯ ಪ್ರಶ್ನೆ ಹುಟ್ಟಿದ ಒಂದು ದಾರಿಯಲ್ಲಿ ನಮ್ಮ ಕಡೆಯವರೂ ಸಿಗುತ್ತಾರೆ. ಪರ್ಷಿಯದ ದೊರೆ ಡೇರಿಯಸ್ ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ಹೆಣ ತಿನ್ನುತ್ತೀರಿ ಎಂದು ಕೇಳಿದನಂತೆ. ಎಷ್ಟು ಕೊಟ್ಟರೂ ಇಲ್ಲ ಎಂದರು ಅವರು. ಆಮೇಲೆ ಹಾಗೆ ತಿನ್ನುವ ರೂಢಿಯವರೆಂದು ಹೇಳಲಾದ ಕಲ್ಲಾಟಿಯ ಎಂಬ ಭಾರತೀಯರನ್ನು ಕರೆಸಿ, ಎಷ್ಟು ಕೊಟ್ಟರೆ ಸುಡುತ್ತೀರಿ ಎಂದು ಕೇಳಿದ. ಅಂಥ ಮಾತೇ ಬೇಡ ಎಂದು ಅವರು ಕೂಗಿಕೊಂಡರು. ಹೆರೊಡೊಟಸ್ ಬರೆದ ಇದನ್ನು ನಮ್ಮ ದೇಶದ ವರದಿಯೆಂದು ನಂಬಬೇಕಿಲ್ಲ, ಗ್ರೀಕರು ತಮ್ಮ ರೂಢಿಯನ್ನು ಹೊರಗಿನಿಂದ ನೋಡಲು ಕಲಿಯುತ್ತಿದ್ದ ಗುರುತೆಂದು ಓದಿ. ರೂಢಿ ಊರಿಗೊಂದಾದರೆ, ಎಲ್ಲ ಊರಿಗೂ ಸಲ್ಲುವ ನ್ಯಾಯ ಇದೆಯೇ?

ಇದು ಹರಿತವಾಗುವುದು ಪ್ಲೇಟೊ ಬರೆದ ‘ಯೂಥಿಫ್ರೊ’ ಸಂಭಾಷಣೆಯಲ್ಲಿ. ಸಾಕ್ರಟೀಸ್ ತನ್ನ ಮೇಲಿನ ದೂರಿನ ಸಲುವಾಗಿ ಅಧಿಕಾರಿಯ ಕಚೇರಿಗೆ ಬಂದಿದ್ದಾನೆ. ಅಲ್ಲಿ ಯೂಥಿಫ್ರೊ ಸಿಗುತ್ತಾನೆ, ಹೆತ್ತ ತಂದೆಯ ಮೇಲೆ ಕೊಲೆಯ ದೂರು ಕೊಡಲು ಬಂದವನು. ನಡೆದದ್ದು ಇಷ್ಟು: ನಾಕ್ಸಸ್ ದ್ವೀಪದ ಅವರ ಹೊಲದಲ್ಲಿ ಕೂಲಿಯವನೊಬ್ಬ ಕುಡಿದ ಮತ್ತಿನಲ್ಲಿ ಮನೆಯ ಗುಲಾಮನನ್ನು ಕೊಂದ. ತಂದೆ ಅವನ ಕೈಕಾಲು ಕಟ್ಟಿ ಹಳ್ಳಕ್ಕೆ ತಳ್ಳಿಸಿ, ಏನು ಮಾಡಬೇಕೆಂದು ಕೇಳಿಬರಲು ಅಥೆನ್ಸಿಗೆ ಆಳು ಕಳಿಸಿದ. ಆಳು ವಾಪಸು ಬರುವುದರೊಳಗೆ ಹಸಿವು ಚಳಿಗೆ ಕೂಲಿಯವನು ಸತ್ತ. ತಂದೆಯ ಮೇಲೆ ದೂರೇ ಎಂದರೆ ಯೂಥಿಫ್ರೊ ಪುರಾಣ ತೆಗೆಯುತ್ತಾನೆ: ಜ್ಯೂಸ್ ದೇವರೇ ತಪ್ಪು ಮಾಡಿದ ತನ್ನ ತಂದೆಯನ್ನು ಕಟ್ಟಿಹಾಕಲಿಲ್ಲವೇ? ಇಂಥ ಕಥೆಗಳನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲವೆಂದೇ ನನ್ನ ಮೇಲೆ ದೂರು ಬಂದಿರಬಹುದು ಎನ್ನುತ್ತಾನೆ ಸಾಕ್ರಟೀಸ್.

ಆಮೇಲೆ ಕೇಳುತ್ತಾನೆ: ಒಂದು ಕೆಲಸ ದೇವರಿಗೆ ಪ್ರಿಯ ಎಂದು ಪುಣ್ಯವಾಗುತ್ತದೆಯೋ, ಪುಣ್ಯ ಎಂದು ದೇವರಿಗೆ ಪ್ರಿಯವಾಗುತ್ತದೆಯೋ? ಮೊದಲನೆಯದಾದರೆ, ನಾಳೆ ದೇವರ ಮನಸ್ಸು ಬದಲಾದರೆ ಪುಣ್ಯವೂ ಬದಲು. ಎರಡನೆಯದಾದರೆ, ಪುಣ್ಯ ಎಂದರೇನೆಂದು ದೇವರ ಹೆಸರೆತ್ತದೆಯೇ ಹೇಳಬೇಕಾಗುತ್ತದೆ. ಯೂಥಿಫ್ರೊ ನಾಲ್ಕಾರು ಸಲ ಸುತ್ತಿ ಮೊದಲಿನ ಜಾಗಕ್ಕೇ ಬಂದು, ಅವಸರದ ಕೆಲಸವಿದೆ ಎಂದು ಹೊರಟುಹೋಗುತ್ತಾನೆ. ಸಾಕ್ರಟೀಸನಿಗೆ ಕ್ರಿ.ಪೂ. 399ರಲ್ಲಿ ಮರಣದಂಡನೆಯಾಯಿತು. ಊರಿನ ದೇವರನ್ನು ಒಪ್ಪುವುದಿಲ್ಲ, ಹೊಸ ದೈವ ತರುತ್ತಾನೆ, ಹುಡುಗರನ್ನು ಕೆಡಿಸುತ್ತಾನೆ ಎಂಬುದು ಆರೋಪ. ಸಾಯುವಾಗ ಅವನ ಕೊನೆಯ ಮಾತೆಂದು ಪ್ಲೇಟೊ ಬರೆದಿರುವುದು ಅಸ್ಕ್ಲೀಪಿಯಸ್ ದೇವರಿಗೆ ಒಂದು ಹುಂಜದ ಹರಕೆ ಬಾಕಿಯಿದೆ, ತೀರಿಸಿ ಎಂದು.

ಇನ್ನು ನಿಮ್ಮ ಮುಂದಿನ ವಾರದ ತರಗತಿ. ‘ಪುರಾಣದಿಂದ ವಿಚಾರಕ್ಕೆ’ ಎಂಬ ಮೆಟ್ಟಿಲಿನ ಕಥೆಯನ್ನೇ ಮತ್ತೆ ಹೇಳಬಹುದು, ಪರೀಕ್ಷೆಗೆ ಅದು ಸಾಕು. ಆದರೆ ಹುಡುಗಿಯ ಪ್ರಶ್ನೆ ಅಲ್ಲೇ ಉಳಿಯುತ್ತದೆ, ಥೇಲೀಸನ ದೇವರುಗಳು ಮತ್ತೆ ಅಡ್ಡ ಬರುತ್ತಾರೆ. ಎಲ್ಲವನ್ನೂ ಬ್ಯಾಬಿಲೋನಿನಿಂದ, ಈಜಿಪ್ಟಿನಿಂದ ತಂದರು ಎಂದೂ ಹೇಳಬಹುದು, ಅರ್ಧ ನಿಜ. ನೆರಳು ಅಳೆದು ಹೊತ್ತು ತಿಳಿಯುವ ಕೋಲು ಬ್ಯಾಬಿಲೋನಿನಿಂದ ಬಂತೆಂದು ಹೆರೊಡೊಟಸನೇ ಬರೆಯುತ್ತಾನೆ. ಅಲ್ಲಿಗೆ ಹೋದರೆ ಯಾರಾದರೂ ಛಾಂದೋಗ್ಯದ ಉದ್ದಾಲಕನನ್ನು ತಂದೇ ತರುತ್ತಾರೆ, ಮಗನಿಂದ ಹಣ್ಣು ಒಡೆಸಿ ಬೀಜ ಒಡೆಸಿ ಕೇಳಿದವನನ್ನು. ತರಲಿ, ಒಳ್ಳೆಯದೇ. ಆದರೆ ಪಾಠ ‘ಯಾರು ಮೊದಲು’ ಎಂಬ ಪಂದ್ಯವಾಗಿಬಿಟ್ಟರೆ ಗಂಟೆ ಹೊಡೆಯುವವರೆಗೂ ಬೇರೇನೂ ನಡೆಯುವುದಿಲ್ಲ.

ನಾನಾದರೆ ‘ಭೂಮಿ ಯಾಕೆ ಬೀಳುವುದಿಲ್ಲ’ ಎಂಬುದನ್ನು ಬೋರ್ಡಿನ ಮೇಲೆ ಬರೆದು, ಮೂರು ಸಾಲು ಬೆಂಚಿಗೆ ಮೂವರನ್ನು ಹಂಚುತ್ತೇನೆ. ನಿಯಮ ಒಂದೇ: ‘ತಪ್ಪು’ ಎನ್ನುವಂತಿಲ್ಲ, ಹಿಂದಿನವನ ಮಾತು ಎಲ್ಲಿ ಕುಸಿಯುತ್ತದೆ ಎಂದು ತೋರಿಸಬೇಕು. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಹೋಗುತ್ತದೆ. ‘ಗುರುತ್ವಾಕರ್ಷಣೆ’ ಎಂದು ಯಾರೋ ಮೊದಲೇ ಕೂಗಿ ಆಟ ಕೆಡಿಸುವ ಅಪಾಯವೂ ಇದೆ. ಕೂಗಿದರೆ, ಅದು ಹೇಗೆ ಗೊತ್ತು ಎಂದು ಅವನನ್ನೇ ಕೇಳಿ. ‘ಪುಸ್ತಕದಲ್ಲಿದೆ’ ಎಂದರೆ ಅವನನ್ನು ಹೆಸಿಯಡನ ಬೆಂಚಿನಲ್ಲಿ ಕೂರಿಸಿ.

ಗ್ರಹಣದ ಮಾತನ್ನು ಮಾತ್ರ ದಯವಿಟ್ಟು ತಿದ್ದಿ. ನಾನೂ ವರ್ಷಗಟ್ಟಲೆ ಅದನ್ನು ಹಾಗೇ ಹೇಳಿದ್ದೆ. ಒಮ್ಮೆ ಒಂದು ಸಂಜೆಯ ಉಪನ್ಯಾಸದಲ್ಲಿ, ದೂರದರ್ಶಕ ಇಟ್ಟುಕೊಂಡು ಆಕಾಶ ನೋಡುವ ಹವ್ಯಾಸದ ಹಿರಿಯರೊಬ್ಬರು ಹಿಂದಿನ ಸಾಲಿನಿಂದ ಎದ್ದು, ‘ಹೇಗೆ ಲೆಕ್ಕ ಹಾಕಿದ ಸ್ವಾಮೀ?’ ಎಂದರು. ನಾನು ತಬ್ಬಿಬ್ಬಾದೆ. ಕ್ರಿ.ಪೂ. 585ರ ಮೇ 28ರಂದು ಆ ಭಾಗದಲ್ಲಿ ಸೂರ್ಯಗ್ರಹಣ ಆದದ್ದು ಲೆಕ್ಕಕ್ಕೆ ಸಿಗುತ್ತದೆ. ಯುದ್ಧ ಮಾಡುತ್ತಿದ್ದ ಲಿಡಿಯದವರೂ ಮೀಡರೂ ಹಗಲು ಕತ್ತಲಾದದ್ದು ಕಂಡು ಕತ್ತಿ ಕೆಳಗಿಟ್ಟರು ಎಂದು ಹೆರೊಡೊಟಸ್ ಬರೆದ ಗ್ರಹಣ ಅದೇ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆದರೆ ಅವನು ಬರೆದದ್ದು ಸುಮಾರು ನೂರೈವತ್ತು ವರ್ಷ ಕಳೆದ ಮೇಲೆ. ಅವನ ಪ್ರಕಾರವೂ ಥೇಲೀಸ್ ಹೇಳಿದ್ದು ಯಾವ ವರ್ಷದೊಳಗೆ ಎಂದಷ್ಟೇ, ದಿನ ಅಲ್ಲ. ಗ್ರಹಣ ಯಾವಾಗ ಆಗಬಹುದು ಎಂಬ ಅಂದಾಜು ಬ್ಯಾಬಿಲೋನಿನ ದಾಖಲೆಗಳಿಂದ ಸಿಕ್ಕೀತು, ಇಂಥ ಊರಿನಲ್ಲೇ ಸೂರ್ಯಗ್ರಹಣ ಕಾಣುತ್ತದೆ ಎಂದು ಹೇಳುವ ಲೆಕ್ಕ ಆಗ ಅವರ ಬಳಿಯೂ ಇರಲಿಲ್ಲ. ನಿಮ್ಮ ನೋಟ್ಸಿನಲ್ಲಿ ‘ಹೇಳಿದ್ದ’ ಎಂದಿರುವ ಕಡೆ ‘ಹೇಳಿದ್ದನಂತೆ, ಹೆರೊಡೊಟಸ್ ಹಾಗೆ ಬರೆಯುತ್ತಾನೆ’ ಎಂದು ಮಾಡಿಕೊಳ್ಳಿ. ತಿದ್ದುವುದನ್ನು ಆ ಹುಡುಗಿಯ ಕೈಯಲ್ಲೇ ಮಾಡಿಸಿದರೆ ಇನ್ನೂ ಒಳ್ಳೆಯದು.